‘ಚಲೋ ಕೆಲಸಗಾರ’ ಎಂದು ಬರೆಯುವ ಮುನ್ನ: ವಾರ್ಷಿಕ ಮೌಲ್ಯಮಾಪನ ಬರೆಯುವ ಬಗೆ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ನಾನು ವ್ಯವಸ್ಥಾಪಕ. ಏಪ್ರಿಲ್ ಮೊದಲ ವಾರ ಬಂತೆಂದರೆ ಮೇಜಿನ ಮೇಲೆ ಮೂವತ್ತೆಂಟು ಹಾಳೆಗಳು ಬಂದು ಕೂರುತ್ತವೆ. ಒಬ್ಬೊಬ್ಬ ನೌಕರನಿಗೆ ಒಂದೊಂದು. ಮೇಲೆ ಹೆಸರು, ನಡುವೆ ಐದು ದರ್ಜೆಗಳ ಚೌಕ, ಕೆಳಗೆ ‘ಮೇಲಧಿಕಾರಿಯ ಅಭಿಪ್ರಾಯ’ ಎಂದು ಆರು ಸಾಲಿನ ಖಾಲಿ ಜಾಗ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಮೊದಲ ಮೂರು ವರ್ಷ ಆ ಆರು ಸಾಲನ್ನು ನಾನು ಹೇಗೆ ತುಂಬಿದ್ದೆ ಎಂದು ಈಗ ಹಳೆಯ ಫೈಲು ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ‘ಪ್ರಾಮಾಣಿಕ, ಕಷ್ಟಪಟ್ಟು ದುಡಿಯುತ್ತಾನೆ, ಇನ್ನಷ್ಟು ಗಮನ ಕೊಟ್ಟರೆ ಒಳ್ಳೆಯದು.’ ಹಮಾಲರ ಮೇಸ್ತ್ರಿಗೂ ಇದೇ, ಲೆಕ್ಕದ ಗುಮಾಸ್ತನಿಗೂ ಇದೇ, ಬಾಯ್ಲರ್ ನೋಡಿಕೊಳ್ಳುವವನಿಗೂ ಇದೇ. ನಮ್ಮ ಮಿಲ್ಲಿನಲ್ಲಿ ಬಾಯ್ಲರೇ ಇಲ್ಲ. ಹಳೆಯ ನಮೂನೆಯಲ್ಲಿದ್ದ ಹುದ್ದೆಯ ಹೆಸರನ್ನು ಹಾಗೆಯೇ ಉಳಿಸಿ ಡ್ರೈಯರ್ ನೋಡುವವನ ಹಾಳೆ ತುಂಬಿಬಿಟ್ಟಿದ್ದೆ.

ಒಬ್ಬನ ಹಾಳೆಯನ್ನು ಹಿಡಿದು, ಮೊದಲು ಬರೆದದ್ದು ಹೇಗಿತ್ತು, ಕೊನೆಗೆ ಏನಾಯಿತು ಎಂಬುದನ್ನು ಇಲ್ಲಿ ಹಂತ ಹಂತವಾಗಿ ತೋರಿಸುತ್ತೇನೆ. ಅವನು ನಮ್ಮ ಲೋಡಿಂಗ್ ಗುಮಾಸ್ತ. ಗೋದಾಮಿನಿಂದ ಚೀಲ ಇಳಿಸಿ, ಎಣಿಸಿ, ಲಾರಿ ತುಂಬಿಸಿ, ಚೀಟಿ ಬರೆದು ಗೇಟು ದಾಟಿಸುವ ಹೊಣೆ ಅವನದು. ಗುರುತು ಸಿಗದಿರಲೆಂದು ಅಂಕಿ ಮತ್ತು ತಾರೀಖುಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಮೊದಲು ಪೆನ್ನಲ್ಲ, ಪುಸ್ತಕಗಳು

ಅಭಿಪ್ರಾಯ ಪೊಳ್ಳಾಗುವುದಕ್ಕೆ ಬರೆಯುವವನ ಭಾಷೆ ಕಾರಣವಲ್ಲ, ಕೈಯಲ್ಲಿ ಸಾಮಗ್ರಿ ಇಲ್ಲದಿರುವುದು ಕಾರಣ. ಏಪ್ರಿಲ್‌ನಲ್ಲಿ ಕುಳಿತವನಿಗೆ ಮಾರ್ಚ್ ನೆನಪಿರುತ್ತದೆ, ಫೆಬ್ರುವರಿ ಅರ್ಧ ನೆನಪಿರುತ್ತದೆ. ನಮ್ಮಲ್ಲಿ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರತೊಡಗುವುದು ಡಿಸೆಂಬರಿನಲ್ಲಿ. ಜನವರಿ, ಫೆಬ್ರುವರಿಯಲ್ಲಿ ಮಿಲ್ಲು ಹಗಲು ರಾತ್ರಿ ಓಡುತ್ತದೆ. ಆ ಗದ್ದಲದಲ್ಲಿ ಆದ ಒಂದು ತಪ್ಪು ವರ್ಷದ ಉಳಿದ ಹತ್ತು ತಿಂಗಳನ್ನು ನುಂಗಿಬಿಡುತ್ತದೆ. ಹಾಗೆಯೇ ಮಾರ್ಚಿನಲ್ಲಿ ಒಂದು ದಿನ ತಡವಾಗಿ ನಿಂತು ಕೆಲಸ ಮುಗಿಸಿಕೊಟ್ಟವನು ವರ್ಷವಿಡೀ ಹಾಗೆಯೇ ಇದ್ದನೆಂದು ತೋರುತ್ತದೆ.

ಆದ್ದರಿಂದ ನಾನೀಗ ಮಾರ್ಚ್ ಕೊನೆಯ ವಾರ ನಾಲ್ಕು ವಸ್ತು ಮುಂದಿಟ್ಟುಕೊಳ್ಳುತ್ತೇನೆ: ಗೇಟಿನ ರಿಜಿಸ್ಟರು, ಲೋಡಿಂಗ್ ಚೀಟಿಗಳ ಕಟ್ಟು, ಖರೀದಿದಾರರ ದೂರಿನ ಪುಸ್ತಕ, ನನ್ನ ಮೊಬೈಲಿನ ವಾಟ್ಸ್ಆ್ಯಪ್ ಸಂದೇಶಗಳು. ಒಂದು ಹಾಳೆಯಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಗೆರೆ ಎಳೆದು, ಪ್ರತಿ ತಿಂಗಳ ಎದುರು ಆ ವ್ಯಕ್ತಿಯ ಬಗ್ಗೆ ಸಿಕ್ಕಿದ್ದನ್ನು ಬರೆದುಕೊಳ್ಳುತ್ತೇನೆ. ನಾಲ್ಕೈದು ತಿಂಗಳು ಖಾಲಿ ಉಳಿಯುತ್ತವೆ. ಖಾಲಿ ಉಳಿದ ತಿಂಗಳು ಅವನು ಕೆಲಸ ಮಾಡಲಿಲ್ಲವೆಂದಲ್ಲ, ನಾನು ನೋಡಲಿಲ್ಲವೆಂದು ಅರ್ಥ. ಆಗ ಗೋದಾಮಿನ ಹಿರಿಯನನ್ನೋ ಗೇಟಿನವನನ್ನೋ ಕೇಳುತ್ತೇನೆ. ಕೇಳುವಾಗ ‘ಅವನು ಹೇಗೆ?’ ಎಂದರೆ ‘ಚಲೋ ಇದ್ದಾನೆ’ ಎಂಬ ಉತ್ತರವೇ ಬರುತ್ತದೆ. ‘ಮಳೆಗಾಲದಲ್ಲಿ ಅವನು ಮಾಡಿದ ಕೆಲಸದಲ್ಲಿ ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ’ ಎಂದರೆ ಸಂಗತಿ ಬರುತ್ತದೆ.

ಹೀಗೆ ಕೇಳಿ ತಿಳಿದದ್ದರಲ್ಲಿ ಪುಸ್ತಕದಲ್ಲೋ ಚೀಟಿಯಲ್ಲೋ ತಾಳೆ ನೋಡಲಾಗದ್ದನ್ನು ಹಾಳೆಗೆ ಇಳಿಸುವುದಿಲ್ಲ. ಒಬ್ಬನ ಮೇಲೆ ಇನ್ನೊಬ್ಬನ ಮುನಿಸು ಇಂಥ ದಾರಿಯಲ್ಲಿಯೇ ಕಡತ ಸೇರುವುದು.

ಹೊಗಳಿಕೆ ಯಾರದು?

ಲೋಡಿಂಗ್ ಗುಮಾಸ್ತನ ಬಗ್ಗೆ ನನ್ನ ಮೊದಲ ಕರಡು ಹೀಗಿತ್ತು: ‘ಜವಾಬ್ದಾರಿಯುತ ವ್ಯಕ್ತಿ. ಗೋದಾಮಿನ ಕೆಲಸ ಚೆನ್ನಾಗಿ ನಿಭಾಯಿಸುತ್ತಾನೆ. ಕೆಲವೊಮ್ಮೆ ಅಜಾಗರೂಕ. ಇನ್ನಷ್ಟು ಸುಧಾರಣೆ ಬೇಕು.’

ಇಂಥ ಸಾಲಿಗೆ ಒಂದು ಸುಲಭ ಪರೀಕ್ಷೆಯಿದೆ. ಹೆಸರನ್ನು ಕೈಯಿಂದ ಮುಚ್ಚಿ ಓದಿ. ಬೇರೆ ಯಾರ ಹಾಳೆಗೂ ಈ ಸಾಲು ಹೊಂದುವುದಾದರೆ ಅದು ಇವನ ಬಗ್ಗೆ ಬರೆದದ್ದಲ್ಲ. ‘ಗೋದಾಮಿನ ಕೆಲಸ ಚೆನ್ನಾಗಿ ನಿಭಾಯಿಸುತ್ತಾನೆ’ ಎನ್ನುವುದು ಕಳೆದ ಹತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಕುಳಿತ ಎಲ್ಲರಿಗೂ ಹೊಂದುತ್ತದೆ.

ಹನ್ನೆರಡು ಗೆರೆಯ ಹಾಳೆಯಲ್ಲಿ ನವೆಂಬರಿನ ಎದುರು ಒಂದು ಸಂಗತಿ ಇತ್ತು. ಅವನು ತಾನಾಗಿಯೇ ಪ್ರತಿ ಚೀಲದ ರಾಶಿಗೂ ಒಂದು ರಟ್ಟಿನ ಚೀಟಿ ತೂಗುಹಾಕಲು ಶುರುಮಾಡಿದ್ದ. ಅದರಲ್ಲಿ ಲಾಟ್ ಸಂಖ್ಯೆ, ಬೇಳೆ ಒಡೆದ ದಿನ, ಯಾವ ದರ್ಜೆ ಎಂದು ಬರೆದಿರುತ್ತಿತ್ತು. ಜನವರಿಯಲ್ಲಿ ಹುಬ್ಬಳ್ಳಿಯ ಒಬ್ಬ ಖರೀದಿದಾರರು ಕೆಲವು ಚೀಲಗಳಲ್ಲಿ ನುಚ್ಚು ಹೆಚ್ಚಿದೆ ಎಂದು ದೂರಿದರು. ಹಿಂದಿನ ವರ್ಷವಾಗಿದ್ದರೆ ಇನ್ನೂರು ಚೀಲವನ್ನೂ ಮರಳಿ ತರಿಸಿ ನೋಡಬೇಕಾಗುತ್ತಿತ್ತು. ಈ ಸಲ ಆ ಚೀಟಿಗಳನ್ನು ನೋಡಿ ಅರ್ಧ ಗಂಟೆಯಲ್ಲಿ ಒಂದೇ ಲಾಟ್‌ನ ಹನ್ನೆರಡು ಚೀಲ ಎಂದು ಪತ್ತೆಯಾಯಿತು. ಅಷ್ಟನ್ನೇ ಬದಲಿಸಿಕೊಟ್ಟೆವು.

ಹಾಳೆಯಲ್ಲಿ ಇದನ್ನು ಹೀಗೆ ಬರೆದೆ: ‘ನವೆಂಬರಿನಿಂದ ಪ್ರತಿ ರಾಶಿಗೂ ಲಾಟ್ ಚೀಟಿ ಹಾಕುವ ಪದ್ಧತಿಯನ್ನು ಸ್ವಂತ ಯೋಚನೆಯಿಂದ ತಂದಿದ್ದಾನೆ. ಜನವರಿಯ ಹುಬ್ಬಳ್ಳಿ ದೂರಿನಲ್ಲಿ ಇನ್ನೂರು ಚೀಲಗಳ ಬದಲು ಹನ್ನೆರಡು ಚೀಲ ಮಾತ್ರ ಮರಳಿ ತರುವುದು ಇದರಿಂದ ಸಾಧ್ಯವಾಯಿತು.’ ಏನು ಮಾಡಿದ, ಯಾವಾಗ, ಅದರಿಂದ ಏನಾಯಿತು. ಮೂರೂ ಇರಬೇಕು. ಮೂರನೆಯದನ್ನು ಬಿಟ್ಟರೆ ಹೊಗಳಿಕೆ ಕೇಳಲು ಹಿತವಾಗಿರುತ್ತದೆ, ಆದರೆ ಮುಂದಿನ ವರ್ಷವೂ ಆ ಚೀಟಿ ಹಾಕಬೇಕೇಕೆ ಎಂಬುದು ಅವನಿಗೆ ತಿಳಿಯುವುದಿಲ್ಲ. ‘ಜವಾಬ್ದಾರಿಯುತ’ ಎಂಬ ಪದವನ್ನು ಹೊಡೆದು ಹಾಕಿದೆ. ಅದನ್ನು ಓದುವವರು ತಾವೇ ಹೇಳಿಕೊಳ್ಳುತ್ತಾರೆ.

ಇಲ್ಲೊಂದು ಅಡ್ಡ ಮಾತು. ಹೆಣ್ಣುಮಕ್ಕಳ ಹಾಳೆಗಳಲ್ಲಿ ಈ ಪೊಳ್ಳುತನ ಇನ್ನೂ ಹೆಚ್ಚು. ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವನ್ನು ನಮ್ಮಲ್ಲಿ ಒಬ್ಬಾಕೆ ನಡೆಸುತ್ತಾಳೆ. ನಾನು ಅವಳ ಬಗ್ಗೆ ಎರಡು ವರ್ಷ ‘ನಗುಮುಖದ, ಶಾಂತ ಸ್ವಭಾವದ ಹೆಣ್ಣುಮಗಳು’ ಎಂದೇ ಬರೆದಿದ್ದೆ. ಕೆಟ್ಟ ಕಾಳು ಬೀಳುವ ತಟ್ಟೆಯಲ್ಲಿ ಒಳ್ಳೆಯ ಬೇಳೆ ಬೀಳುತ್ತಿರುವುದನ್ನು ಅವಳು ನೋಡಿ, ಯಂತ್ರ ನಿಲ್ಲಿಸಿ, ಕ್ಯಾಮೆರಾದ ಗಾಜಿಗೆ ದೂಳು ಕೂತಿದೆಯೇ, ಗಾಳಿಯ ಒತ್ತಡ ಇಳಿದಿದೆಯೇ ಎಂದು ಪರೀಕ್ಷಿಸುವುದು ದಿನನಿತ್ಯದ ಕೆಲಸ. ಅದರ ಒಂದು ಅಕ್ಷರವೂ ಹಾಳೆಯಲ್ಲಿ ಇರಲಿಲ್ಲ. ಸಂಬಳ ಹೆಚ್ಚಿಸುವಾಗ ಮಾಲೀಕರು ಆ ಹಾಳೆ ನೋಡುತ್ತಾರೆ. ನಗುಮುಖಕ್ಕೆ ಎಷ್ಟು ರೂಪಾಯಿ ಹೆಚ್ಚಿಸುತ್ತಾರೆ?

ತಪ್ಪು ಬರೆಯುವಾಗ: ಎಷ್ಟರಲ್ಲಿ ಎಷ್ಟು

ಈಗ ಕಷ್ಟದ ಭಾಗ. ‘ಕೆಲವೊಮ್ಮೆ ಅಜಾಗರೂಕ’ ಎಂದು ನಾನು ಬರೆದದ್ದು ಸುಮ್ಮನೆ ಅಲ್ಲ. ಜನವರಿ, ಫೆಬ್ರುವರಿಯಲ್ಲಿ ನಾಲ್ಕು ಲಾರಿಗಳ ಚೀಲದ ಎಣಿಕೆ ತಪ್ಪಿತ್ತು. ಮೂರರಲ್ಲಿ ಕಡಿಮೆ, ಒಂದರಲ್ಲಿ ಹೆಚ್ಚು. ಒಂದೆರಡು ಚೀಲದ ವ್ಯತ್ಯಾಸ ವೇ ಬ್ರಿಡ್ಜಿನಲ್ಲಿ ಸಿಕ್ಕಿಬೀಳುವುದಿಲ್ಲ. ಲಾರಿಯ ಡೀಸೆಲ್ಲು, ಚಾಲಕ, ಅವನ ಸಾಮಾನು ಎಲ್ಲ ಸೇರಿ ಅಷ್ಟು ತೂಕ ಏರಿಳಿಯುತ್ತದೆ. ಎಣಿಕೆಯೇ ಆಧಾರ.

‘ಅಜಾಗರೂಕ’ ಎಂದರೆ ಅದು ಮನುಷ್ಯನ ಗುಣದ ಬಗ್ಗೆ ಕೊಟ್ಟ ತೀರ್ಪು. ಓದಿದವನು ಒಂದೋ ಒಳಗೊಳಗೇ ಕುದಿಯುತ್ತಾನೆ, ಇಲ್ಲವೇ ತಲೆ ತಗ್ಗಿಸಿ ‘ಆಯಿತು ಸರ್’ ಎನ್ನುತ್ತಾನೆ. ಎರಡರಿಂದಲೂ ಎಣಿಕೆ ಸರಿಹೋಗುವುದಿಲ್ಲ. ಹಾಗಾಗಿ ಆ ಪದವನ್ನು ತೆಗೆದು ‘ನಾಲ್ಕು ಲಾರಿಗಳ ಎಣಿಕೆ ತಪ್ಪಿದೆ’ ಎಂದು ಬರೆದೆ. ನಿರ್ದಿಷ್ಟವಾಯಿತು, ತಾರೀಖೂ ಕೊಡಬಹುದು. ಆದರೂ ಇದು ಅನ್ಯಾಯದ ಸಾಲು, ಏಕೆಂದರೆ ಎಷ್ಟರಲ್ಲಿ ನಾಲ್ಕು ಎಂದು ಹೇಳಿಲ್ಲ.

ಲೋಡಿಂಗ್ ಚೀಟಿ ಎಣಿಸಿದೆ. ವರ್ಷದಲ್ಲಿ ಅವನು ಕಳಿಸಿದ್ದು 310 ಲಾರಿ. 310ರಲ್ಲಿ 4 ಎಂದಾಗ ಚಿತ್ರವೇ ಬೇರೆ. ಇಲ್ಲಿಗೆ ನಿಲ್ಲಿಸಿದ್ದರೆ ‘ಏನೂ ತೊಂದರೆ ಇಲ್ಲ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಅದೂ ತಪ್ಪಾಗುತ್ತಿತ್ತು. ಆ ನಾಲ್ಕೂ ಯಾವಾಗ ಆದವು ಎಂದು ನೋಡಿದೆ. ಜನವರಿ, ಫೆಬ್ರುವರಿಯಲ್ಲಿ ಹೋದದ್ದು 74 ಲಾರಿ. ಅದರಲ್ಲಿ ರಾತ್ರಿ ಎಂಟರ ನಂತರ ತುಂಬಿದವು 19. ನಾಲ್ಕೂ ತಪ್ಪು ಆ ಹತ್ತೊಂಬತ್ತರೊಳಗೇ ಇದ್ದವು. ಸುಮಾರು ಐದಕ್ಕೆ ಒಂದು! ಹಗಲಿನಲ್ಲಿ ಒಂದೂ ಇಲ್ಲ.

ಗೇಟಿನ ರಿಜಿಸ್ಟರಿನಲ್ಲಿ ಹೊರಟ ಸಮಯ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆ ನಾಲ್ಕು ರಾತ್ರಿಗಳಲ್ಲೂ ಎರಡು ಲಾರಿ ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಗೇಟು ದಾಟಿದ್ದವು. ಅಂದರೆ ಎರಡನ್ನೂ ಒಟ್ಟಿಗೆ ತುಂಬಿಸಿದ್ದರು. ಎಣಿಸುವವನು ಒಬ್ಬನೇ. ಹಗಲಿನಲ್ಲಿ ಅವನಿಗೆ ಜೊತೆಯಾಗಿರುತ್ತಿದ್ದ ಹುಡುಗನನ್ನು ರಾತ್ರಿ ಪಾಳಿಯಲ್ಲಿ ಪ್ಯಾಕಿಂಗಿಗೆ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ.

ತಪ್ಪನ್ನು ಎಷ್ಟರಲ್ಲಿ ಎಷ್ಟು, ಯಾವಾಗ, ಯಾವ ಸ್ಥಿತಿಯಲ್ಲಿ ಎಂದು ಬಿಡಿಸುತ್ತ ಹೋದರೆ ಒಮ್ಮೊಮ್ಮೆ ಹೀಗೆ ಬರೆಯುವವನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಬಂದರೆ ಅದನ್ನೂ ಬರೆಯಬೇಕು. ಕೊನೆಯ ಸಾಲು ಹೀಗಾಯಿತು: ‘ವರ್ಷದ 310 ಲಾರಿಗಳಲ್ಲಿ 4ರ ಎಣಿಕೆ ತಪ್ಪಿದೆ. ನಾಲ್ಕೂ ಜನವರಿ, ಫೆಬ್ರುವರಿಯ ರಾತ್ರಿ ಎಂಟರ ನಂತರ, ಎರಡು ಲಾರಿ ಒಟ್ಟಿಗೆ ತುಂಬುವಾಗ ಆದವು. ಆ ಹೊತ್ತಿಗೆ ಎರಡನೆಯ ಎಣಿಕೆಗಾರನನ್ನು ಕೊಟ್ಟಿರಲಿಲ್ಲ.’

ಹಾಗಾದರೆ ಅವನ ಪಾಲು ಏನೂ ಇಲ್ಲವೇ? ಇದೆ. ಫೆಬ್ರುವರಿಯ ಒಂದು ರಾತ್ರಿ ಸೊಲ್ಲಾಪುರದ ಲಾರಿ ಹೊರಟ ಮೇಲೆ ಕಟ್ಟೆಯ ಮೇಲೆ ಎರಡು ಚೀಲ ಉಳಿದಿರುವುದನ್ನು ಅವನು ಒಂಬತ್ತೂವರೆಗೇ ನೋಡಿದ್ದ. ನನಗೆ ಗೊತ್ತಾದದ್ದು ಮರುದಿನ ಹತ್ತು ಗಂಟೆಗೆ, ಖರೀದಿದಾರರ ಫೋನಿನಿಂದ. ಎಣಿಕೆ ತಪ್ಪುವುದು ಬೇರೆ, ತಪ್ಪಿದ್ದು ಗೊತ್ತಾದ ಮೇಲೆ ಹೇಳದಿರುವುದು ಬೇರೆ. ಮೊದಲಿನ ನಾಲ್ಕಕ್ಕಿಂತ ಈ ಒಂದೇ ನನಗೆ ಹೆಚ್ಚು ಮುಖ್ಯವೆನಿಸಿತು. ಇದನ್ನು ಎಣಿಕೆಯ ಸಾಲಿನೊಳಗೆ ಬೆರೆಸದೆ ಬೇರೆ ಸಾಲಾಗಿ ಬರೆದೆ: ‘ಫೆಬ್ರುವರಿಯ ಸೊಲ್ಲಾಪುರ ಲಾರಿಯಲ್ಲಿ ಎರಡು ಚೀಲ ಕಡಿಮೆಯಾದದ್ದು ಅದೇ ರಾತ್ರಿ ತಿಳಿದಿದ್ದರೂ ಮರುದಿನದವರೆಗೆ ತಿಳಿಸಲಿಲ್ಲ. ಖರೀದಿದಾರರಿಗೆ ನಾವೇ ಮೊದಲು ಹೇಳುವ ಅವಕಾಶ ತಪ್ಪಿತು.’

‘ಯಾವಾಗಲೂ’, ‘ಎಂದೂ’, ‘ಪದೇ ಪದೇ’ ಎಂಬ ಪದಗಳು ಕರಡಿನಲ್ಲಿ ಕಂಡಲ್ಲೆಲ್ಲ ನಿಂತು ನೋಡಿ. ಹೆಚ್ಚಿನ ಸಲ ಅವುಗಳ ಜಾಗದಲ್ಲಿ ಒಂದು ಅಂಕಿ ಇರಬೇಕಿತ್ತು, ನಾವು ಎಣಿಸಿಲ್ಲ ಅಷ್ಟೆ.

ಸಮತೋಲ ಎಂದರೆ ಅರ್ಧಕ್ಕರ್ಧ ಅಲ್ಲ

ಎರಡು ಒಳ್ಳೆಯದು, ನಡುವೆ ಒಂದು ತಪ್ಪು ಎಂಬ ಲೆಕ್ಕವನ್ನು ಯಾರೋ ಒಂದು ತರಬೇತಿಯಲ್ಲಿ ನನಗೂ ಹೇಳಿಕೊಟ್ಟಿದ್ದರು. ಅದು ಕಹಿ ಮಾತ್ರೆಯನ್ನು ಬೆಲ್ಲದಲ್ಲಿ ಸುತ್ತಿ ಕೊಡುವ ಉಪಾಯ. ಎರಡನೇ ವರ್ಷಕ್ಕೆ ಜನರಿಗೆ ಗೊತ್ತಾಗುತ್ತದೆ. ಬೆಲ್ಲ ಕಂಡಕೂಡಲೇ ಮಾತ್ರೆ ಎಲ್ಲಿದೆ ಎಂದು ಹುಡುಕುತ್ತಾರೆ, ಲಾಟ್ ಚೀಟಿಯ ನಿಜವಾದ ಹೊಗಳಿಕೆಯೂ ಬೆಲ್ಲವೆಂದೇ ತೋರುತ್ತದೆ.

ಸಮತೋಲವೆಂದರೆ ಬರೆದದ್ದರ ತೂಕ ವರ್ಷದ ತೂಕಕ್ಕೆ ಹೊಂದುವುದು. ಈ ಗುಮಾಸ್ತನ ವರ್ಷ ಬಹುಪಾಲು ಚೆನ್ನಾಗಿತ್ತು, ಹಾಗಾಗಿ ಆರು ಸಾಲಿನಲ್ಲಿ ಲಾಟ್ ಚೀಟಿಗೆ ಎರಡೂವರೆ ಸಾಲು ಹೋಯಿತು. ಇನ್ನೊಬ್ಬನ ವರ್ಷ ಕೆಟ್ಟದಾಗಿದ್ದರೆ ಹಾಳೆಯೂ ಹಾಗೆಯೇ ಕಾಣಬೇಕು, ಸಮಾಧಾನಕ್ಕೆಂದು ‘ಸಮಯಕ್ಕೆ ಸರಿಯಾಗಿ ಬರುತ್ತಾನೆ’ ಎಂದು ತುರುಕಬಾರದು.

ಬರವಣಿಗೆಯಲ್ಲಿ ನಾನು ಕಲಿತ ಒಂದೇ ಒಂದು ಕುಶಲತೆ: ಹೊಗಳಿಕೆಯ ಸಾಲನ್ನು ‘ಆದರೆ’ಯಿಂದ ಮುಂದಕ್ಕೆ ಎಳೆಯದಿರುವುದು. ‘ಲಾಟ್ ಚೀಟಿ ತಂದಿದ್ದಾನೆ, ಆದರೆ ಎಣಿಕೆ ತಪ್ಪಿದೆ’ ಎಂದರೆ ಮೊದಲರ್ಧ ಅಳಿಸಿಹೋಗುತ್ತದೆ. ಅಲ್ಲಿ ಪೂರ್ಣವಿರಾಮ ಹಾಕಿ, ಹೊಸ ಸಾಲಿಗೆ ಹೋಗಿ.

ಇನ್ನು ದರ್ಜೆಯ ಚೌಕ. ಮಾತು ಮತ್ತು ದರ್ಜೆ ಒಂದಕ್ಕೊಂದು ಎದುರಾಗಬಾರದು. ಅದಕ್ಕಿಂತ ಮುಖ್ಯವಾಗಿ, ಆ ದರ್ಜೆಯಿಂದ ಏನಾಗುತ್ತದೆ ಎಂಬುದು ಬರೆಯುವವನಿಗೂ ಬರೆಸಿಕೊಳ್ಳುವವನಿಗೂ ಗೊತ್ತಿರಬೇಕು. ‘ಒಳ್ಳೆಯದು’ ಎಂಬ ಮಾತೂ ಒಬ್ಬನ ದಾರಿಗೆ ಅಡ್ಡವಾಗಬಹುದು ಎನ್ನುವುದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವಿದೆ. ದೇವ್ ದತ್ ಎಂಬ ಗಡಿ ರಸ್ತೆ ಇಲಾಖೆಯ ಎಂಜಿನಿಯರಿಗೆ 1993–94ರ ಗೌಪ್ಯ ವರದಿಯಲ್ಲಿ ‘ಒಳ್ಳೆಯದು’ ಎಂಬ ದರ್ಜೆ ಸಿಕ್ಕಿತ್ತು. ಬಡ್ತಿಗೆ ಬೇಕಿದ್ದದ್ದು ಐದು ವರ್ಷವೂ ‘ಬಹಳ ಒಳ್ಳೆಯದು’. ಆ ಒಂದು ವರ್ಷದ ದರ್ಜೆಯನ್ನು ಅವರಿಗೆ ತಿಳಿಸಿಯೇ ಇರಲಿಲ್ಲ, ಬಡ್ತಿ ಮಾತ್ರ ತಪ್ಪಿತು. ಸರ್ಕಾರಿ ನೌಕರನ ವರದಿಯ ಪ್ರತಿಯೊಂದು ನಮೂದನ್ನೂ, ಅದು ಕೆಟ್ಟದ್ದಿರಲಿ ಒಳ್ಳೆಯದಿರಲಿ, ಅವನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ನ್ಯಾಯಾಲಯ ಹೇಳಿತು. ಖಾಸಗಿ ಮಿಲ್ಲಿಗೆ ಆ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ನಮ್ಮಲ್ಲಿ ಮೇಲ್ವಿಚಾರಕನಾಗಲು ಎರಡು ವರ್ಷ ನಾಲ್ಕನೇ ದರ್ಜೆ ಬೇಕು ಎಂಬ ಮಾಲೀಕರ ನಿಯಮವನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹಾಳೆಯ ತಲೆಯಲ್ಲೇ ಅಚ್ಚು ಹಾಕಿಸಿದ್ದೇನೆ.

ಮುಂದೇನು: ಇಬ್ಬರ ಹೆಸರಿನಲ್ಲಿ

‘ಇನ್ನಷ್ಟು ಸುಧಾರಣೆ ಬೇಕು’ ಎಂಬ ಸಾಲನ್ನು ನಾಳೆ ಬೆಳಿಗ್ಗೆ ಗೋದಾಮಿಗೆ ಹೋಗಿ ಮಾಡಲಾಗುವುದಿಲ್ಲ. ಮುಂದಿನ ಹೆಜ್ಜೆ ಒಂದು ಅಥವಾ ಎರಡು ಸಾಕು. ಯಾರು, ಏನು, ಯಾವಾಗಿನಿಂದ, ಆಯಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು ಎಂಬುದು ಅದರಲ್ಲಿರಲಿ. ನಾನು ಬರೆದದ್ದು ಇಷ್ಟು: ‘ಒಬ್ಬನೇ ಇರುವಾಗ ಒಂದು ಸಲಕ್ಕೆ ಒಂದೇ ಲಾರಿ. ಐವತ್ತು ಚೀಲಕ್ಕೊಮ್ಮೆ ಚೀಟಿಯಲ್ಲಿ ಗೀಟು ಹಾಕಿ ಚಾಲಕನಿಂದ ಸಹಿ ಪಡೆಯುವುದು. ಡಿಸೆಂಬರಿನಿಂದ ರಾತ್ರಿ ಪಾಳಿಗೆ ಎರಡನೆಯ ಎಣಿಕೆಗಾರನನ್ನು ಕೊಡುವುದು ವ್ಯವಸ್ಥಾಪಕರ ಹೊಣೆ. ಜನವರಿ ಕೊನೆಗೆ ಇಬ್ಬರೂ ಕುಳಿತು ಚೀಟಿಗಳನ್ನು ನೋಡುವುದು.’

ಏಪ್ರಿಲ್‌ನಲ್ಲಿ ಬರೆದ ಹಾಳೆಯನ್ನು ಮುಂದಿನ ಏಪ್ರಿಲ್‌ನಲ್ಲಿ ತೆಗೆದರೆ ಆಗಲೇ ಒಂದು ಹಂಗಾಮು ಮುಗಿದಿರುತ್ತದೆ. ಜನವರಿಯ ಆ ಸಾಲು ಅದಕ್ಕಾಗಿ.

ಕಳ್ಳತನ, ಹೊಡೆದಾಟ, ಯಂತ್ರದ ಅಪಾಯ, ಹೆಣ್ಣುಮಕ್ಕಳೊಡನೆ ಕೆಟ್ಟ ನಡತೆ ಇಂಥವನ್ನು ಏಪ್ರಿಲ್‌ವರೆಗೆ ಕಾದಿಟ್ಟು ಈ ಹಾಳೆಯಲ್ಲಿ ಬರೆಯಬೇಡಿ. ಆದ ದಿನವೇ ಅದಕ್ಕೆ ಬೇರೆ ಕ್ರಮ, ಬೇರೆ ಕಡತ. ಕಾಯಿಲೆ, ಮನೆಯ ತಾಪತ್ರಯ, ಹಕ್ಕಿನ ರಜೆಗಳಿಗೂ ಇಲ್ಲಿ ಜಾಗವಿಲ್ಲ.

ಸಹಿಗೆ ಮೊದಲು ಓದಿ ತೋರಿಸುವುದು

ಕರಡನ್ನು ಪೆನ್ಸಿಲಿನಲ್ಲಿ ಬರೆದು, ಒಂದು ದಿನ ಮೊದಲೇ ಅವನ ಕೈಗೆ ಕೊಡುತ್ತೇನೆ. ಮನೆಗೆ ಒಯ್ದು ಓದಿ ಬರಲಿ. ಎದುರಿಗೇ ಓದಿಸಿದರೆ ಹಿರಿಯರ ಮುಂದೆ ಎದುರಾಡಬಾರದೆಂದು ಯಾರೂ ಬಾಯಿ ತೆರೆಯುವುದಿಲ್ಲ, ಸಹಿ ಹಾಕಿ ಎದ್ದು ಹೋಗುತ್ತಾರೆ.

ಮರುದಿನ ಅವನು ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದರಲ್ಲಿ ನಡೆದದ್ದಕ್ಕೆ ಹೊಂದದ ಸಾಲು ಯಾವುದು?’ ‘ಒಪ್ಪಿಗೆಯೇ?’ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೊಲ್ಲಾಪುರದ್ದು ಸರ್’ ಎಂದ. ‘ನೋಡಿದ್ದು ನಿಜ. ರಾತ್ರಿ ಹತ್ತರ ಸುಮಾರಿಗೆ ನಿಮಗೆ ಫೋನ್ ಮಾಡಿ ಎಬ್ಬಿಸುವುದು ಸರಿಯಲ್ಲ ಎಂದುಕೊಂಡೆ. ಬೆಳಿಗ್ಗೆ ನೀವು ಬಂದ ಮೇಲೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಫೋನೇ ಬಂತು.’

ಮಾತು ಸರಿಯಾಗಿತ್ತು. ರಾತ್ರಿ ಫೋನ್ ಮಾಡಬಹುದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಹಿಂದೊಮ್ಮೆ ಯಾರೋ ರಾತ್ರಿ ಕರೆದಾಗ ನಾನು ಗದರಿದ್ದು ಇಡೀ ಗೋದಾಮಿಗೆ ಗೊತ್ತಿತ್ತು. ಸಂಗತಿ ನಡೆದದ್ದು ನಡೆದದ್ದೇ, ಆ ಸಾಲನ್ನು ತೆಗೆಯಲಿಲ್ಲ. ಅದರ ಮುಂದೆ ಅವನ ಕಾರಣವನ್ನು ಅವನದೇ ಮಾತಿನಲ್ಲಿ ಸೇರಿಸಿದೆ. ಮುಂದಿನ ಹೆಜ್ಜೆಗಳಿಗೆ ಇನ್ನೊಂದು ಸಾಲು ಬಂತು: ‘ಎಣಿಕೆ ವ್ಯತ್ಯಾಸ ಯಾವ ಹೊತ್ತಿನಲ್ಲಿ ಕಂಡರೂ ಆಗಲೇ ಫೋನ್ ಮಾಡುವುದು.’ ಓದಿದವನು ಹೇಳಿದ್ದಕ್ಕೆಲ್ಲ ಸಾಲು ಬದಲಿಸಬೇಕೆಂದಿಲ್ಲ. ಒಪ್ಪದಿದ್ದರೆ ಅವನ ಒಪ್ಪದಿರುವಿಕೆಯನ್ನು ಅವನ ಕೈಯಿಂದಲೇ ಕೆಳಗೆ ಬರೆಸಿದರಾಯಿತು.

ಇಷ್ಟಕ್ಕೆ ಒಬ್ಬೊಬ್ಬರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಮೂವತ್ತೆಂಟು ಜನಕ್ಕೆ ಏಪ್ರಿಲ್ ಇಡೀ ಹೋಗುತ್ತದೆ, ಮಾಲೀಕರು ಗೊಣಗುತ್ತಾರೆ. ಆ ವರ್ಷ ಎಲ್ಲರದ್ದನ್ನೂ ಹೀಗೆ ಬರೆಯಲು ನನ್ನಿಂದ ಆಗಲಿಲ್ಲ. ಹದಿನಾರು ಹಾಳೆ ಹೀಗೆ, ಉಳಿದವು ಹಳೆಯ ಹಾಗೆ.

ಪೆನ್ನಿನಲ್ಲಿ ಬರೆದ ಪ್ರತಿಯನ್ನು ಮುಂದಿಟ್ಟಾಗ ಅವನು ಕೊನೆಯವರೆಗೆ ಬೆರಳಿಟ್ಟು ಓದಿದ. ತನ್ನ ಸಹಿ ಹಾಕಿದ. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಎರಡನೆಯ ಎಣಿಕೆಗಾರನ ಸಾಲಿನ ಪಕ್ಕ ಬೆರಳಿಟ್ಟು ಹೇಳಿದ: ‘ಡಿಸೆಂಬರ್ ಎಂದಷ್ಟೇ ಇದೆ ಸರ್. ಒಂದನೇ ತಾರೀಖು ಎಂದು ಹಾಕಿ, ಇಲ್ಲಿಯೂ ಒಂದು ಸಹಿ ಮಾಡಿಬಿಡಿ.’